ಸರ್ಟಿಫಿಕೇಟೂ ಇಲ್ಲ, ಲೈವ್ ಕ್ಲಾಸೂ ಇಲ್ಲ: 59,000 ರೂಪಾಯಿ ಪೂರ್ತಿ ವಾಪಸ್ ಕೇಳುವ ಬಗೆ

ಬೆಂಗಳೂರು, 14 ಜೂನ್ 2025, ಶನಿವಾರ

ಬಸವನಗುಡಿಯ ಪಕ್ಕದ ರಸ್ತೆಯ ಹುಡುಗಿ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಡೇಟಾ ಅನಾಲಿಟಿಕ್ಸ್ ಆನ್‌ಲೈನ್ ಕೋರ್ಸು. ಶುಲ್ಕ 50,000, ಅದರ ಮೇಲೆ ಶೇ. 18 ಜಿಎಸ್‌ಟಿ 9,000, ಒಟ್ಟು 59,000 ರೂಪಾಯಿ. 2024ರ ಸೆಪ್ಟೆಂಬರ್ 2ರಿಂದ 24 ವಾರ, ವಾರಕ್ಕೆ ಎರಡು ಲೈವ್ ಕ್ಲಾಸ್, ಕೋರ್ಸ್ ಮುಗಿದ 30 ದಿನದೊಳಗೆ ಸರ್ಟಿಫಿಕೇಟ್ ಎಂಬ ಮಾತಾಗಿತ್ತು. 48 ಕ್ಲಾಸುಗಳಲ್ಲಿ ನಡೆದದ್ದು 9. ಅಕ್ಟೋಬರ್ ನಂತರ ಬಂದದ್ದೆಲ್ಲ ಹಳೆಯ ರೆಕಾರ್ಡಿಂಗ್. ಸರ್ಟಿಫಿಕೇಟ್ ಇವತ್ತಿನವರೆಗೂ ಇಲ್ಲ.

"ಆಂಟಿ, ಅರ್ಧ ದುಡ್ಡಾದ್ರೂ ಕೊಡ್ತೀವಿ ಅಂತಿದಾರೆ, ತಗೊಂಡ್ಬಿಡ್ಲಾ?" ಅಂತ ಕೇಳಿದಳು.

ಉತ್ತರ ಕೊಡುವ ಮುಂಚೆ ಒಂದು ಪಟ್ಟಿ ಮಾಡಿಸಿದೆ. ಇಂಥ ದೂರುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಪಟ್ಟಿಯೇ. ಎಡಗಡೆ ಕಂಪನಿ ಕೊಟ್ಟ ಮಾತು, ಅದನ್ನು ಎಲ್ಲಿ ಹೇಳಿದ್ದರು ಎಂಬುದು. ಬಲಗಡೆ ಆದದ್ದು, ತಾರೀಖಿನ ಸಮೇತ. "ಕ್ಲಾಸ್ ಸರಿಯಾಗಿ ಆಗಲಿಲ್ಲ" ಎಂದು ಬರೆದರೆ ಅದು ಬರೀ ಅಸಮಾಧಾನವಾಗಿ ಉಳಿಯುತ್ತದೆ. "48ರಲ್ಲಿ 39 ನಡೆದಿಲ್ಲ, ಆ 39 ತಾರೀಖುಗಳು ಇವು" ಎಂದರೆ ಸೇವಾ ನ್ಯೂನತೆಗೆ ಲೆಕ್ಕ ಸಿಗುತ್ತದೆ. ಕ್ಯಾಲೆಂಡರ್‌ಗೆ ಬಂದ ಆಹ್ವಾನ, ರದ್ದಾದ ಸಂದೇಶ, ವಾಟ್ಸಾಪ್ ಗುಂಪಿನಲ್ಲಿ "ಇವತ್ತು ಸೆಷನ್ ಇಲ್ಲ" ಎಂದು ಹಾಕಿದ್ದು, ಇವುಗಳಿಂದಲೇ ಎಲ್ಲ ತಾರೀಖುಗಳನ್ನು ಹೆಕ್ಕಿದೆವು.

ಮಾತು ಕೊಟ್ಟದ್ದಕ್ಕೆ ಸಾಕ್ಷಿ ಹಿಡಿಯುವಾಗಲೇ ಬಹಳ ಜನ ಎಡವುತ್ತಾರೆ. ರಿಫಂಡ್ ಕೇಳಿ ಮೇಲ್ ಹಾಕಿದ ಮೇಲೆ ವೆಬ್‌ಸೈಟಿನ ಪುಟ ಬದಲಾಗಬಹುದು, ಲಾಗಿನ್ ಮುಚ್ಚಬಹುದು, ಗುಂಪಿನಿಂದ ತೆಗೆದುಹಾಕಬಹುದು. ಹಾಗಾಗಿ ಮೊದಲು ದಾಖಲೆ, ಆಮೇಲೆ ಜಗಳ. ವಿಳಾಸದ ಸಾಲು ಮತ್ತು ತಾರೀಖು ಕಾಣುವ ಹಾಗೆ ಇಡೀ ಪುಟದ ಪಿಡಿಎಫ್, ಬ್ರೋಷರ್, ಇನ್‌ವಾಯ್ಸ್, ಹಣ ಕಟ್ಟಿದ ದಿನದ ಷರತ್ತುಗಳ ಪುಟ, ಇಷ್ಟನ್ನು ಉಳಿಸಿಕೊಂಡೆವು. ವಾಟ್ಸಾಪ್ ಚಾಟ್ ಎಕ್ಸ್‌ಪೋರ್ಟ್ ಮಾಡಿದರೂ ಫೋನಿನಲ್ಲಿರುವ ಮೂಲವನ್ನು ಅಳಿಸಬಾರದು. ದೂರಿನ ಜೊತೆ, ಡಿಜಿಟಲ್ ದಾಖಲೆಗಳಿಗಾಗಿ ಇರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಟ್ಟರೆ, ಸ್ಕ್ರೀನ್‌ಶಾಟ್ ನಕಲಿ ಎನ್ನುವ ವಾದಕ್ಕೆ ಬಲ ಕಡಿಮೆ.

ಇನ್ನು ಅರ್ಧವೋ ಪೂರ್ತಿಯೋ ಎಂಬ ಪ್ರಶ್ನೆ. ಕಂಪನಿ ತೋರಿಸುವುದು ಅವರ ಡ್ಯಾಶ್‌ಬೋರ್ಡಿನ ಅಂಕಿಯನ್ನು: ಈಕೆ ಶೇ. 62 ವಿಡಿಯೊ ನೋಡಿದ್ದಾಳಂತೆ. ಕೊಂಡದ್ದು ವಿಡಿಯೊ ಅಲ್ಲ ಎಂಬುದೇ ಇದಕ್ಕೆ ಉತ್ತರ, ಆದರೆ ಅದನ್ನು ಅವರ ಕಾಗದದಿಂದಲೇ ತೋರಿಸಬೇಕು. ಅವರದೇ ಬೆಲೆ ಪಟ್ಟಿಯಲ್ಲಿ ಬರೀ ರೆಕಾರ್ಡೆಡ್ ಕೋರ್ಸಿಗೆ ಬೇರೆ, ಬಹಳ ಕಡಿಮೆ ದರವಿತ್ತು. ಈಕೆ ಹೆಚ್ಚಿಗೆ ಕೊಟ್ಟದ್ದು ಲೈವ್ ಕ್ಲಾಸಿಗೆ ಮತ್ತು ಸರ್ಟಿಫಿಕೇಟಿಗೆ, ಎರಡೂ ಸಿಗಲಿಲ್ಲ. ಈ ಪುಟ ಸಿಕ್ಕಿದ ಮೇಲೆ ನನಗೆ ಧೈರ್ಯ ಬಂತು. ಆದರೂ ದೂರು ಗ್ರಾಹಕ ಆಯೋಗಕ್ಕೆ ಹೋದರೆ ಅದು ಬಳಸಿದಷ್ಟನ್ನು ಕಳೆದು ಕೊಡಿಸುವ ಸಾಧ್ಯತೆ ಇದ್ದೇ ಇದೆ ಎಂದು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಆಗ 48ಕ್ಕೆ 39ರ ಲೆಕ್ಕದಲ್ಲಿ ಸುಮಾರು 47,900 ಆಗುತ್ತದೆ. ಈ ಅಂಕಿಯನ್ನು ದೂರಿನಲ್ಲಿ ಪರ್ಯಾಯ ಕೋರಿಕೆಯಾಗಿ ಬರೆಯಬಹುದು, ಅದಕ್ಕೂ ಮೊದಲು ಕಂಪನಿಗೆ ಕಳಿಸುವ ನೋಟಿಸಿನಲ್ಲಿ ಬರೆಯಬಾರದು. ಬರೆದರೆ ಅಲ್ಲಿಂದಲೇ ಚೌಕಾಸಿ ಶುರುವಾಗುತ್ತದೆ.

ಅರ್ಧ ದುಡ್ಡು ತೆಗೆದುಕೊಳ್ಳುವುದರಲ್ಲಿ ಇನ್ನೊಂದು ಅಪಾಯವಿದೆ. ಅವರ ಮೇಲ್‌ನಲ್ಲಿ "ಅಂತಿಮ ಇತ್ಯರ್ಥ" ಎಂಬ ಮಾತಿತ್ತು. ಅದಕ್ಕೆ "ಓಕೆ" ಎಂದರೆ ಉಳಿದದ್ದನ್ನು ಕೇಳುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಕೇಳದೆಯೇ ಹಣ ಖಾತೆಗೆ ಬಂದರೆ "ಭಾಗಶಃ ಮೊತ್ತವಾಗಿ ಮಾತ್ರ ಸ್ವೀಕರಿಸಿದ್ದೇನೆ, ಬಾಕಿ ಇಷ್ಟಿದೆ" ಎಂದು ಅದೇ ದಿನ ಮೇಲ್ ಹಾಕಬೇಕು.

ಜಿಎಸ್‌ಟಿ 9,000 ವಾಪಸ್ ಬರುವುದಿಲ್ಲ, ಸರ್ಕಾರಕ್ಕೆ ಕಟ್ಟಿಯಾಗಿದೆ ಎಂದೂ ಹೇಳಿದ್ದಾರೆ. ಒಪ್ಪಬೇಕಾಗಿಲ್ಲ. ಕೊಡದ ಸೇವೆಗೆ ಕಂಪನಿ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಕೊಟ್ಟು ತನ್ನ ತೆರಿಗೆಯನ್ನು ಸರಿಪಡಿಸಿಕೊಳ್ಳಬಹುದು. ಇನ್‌ವಾಯ್ಸ್ 2024-25ರದ್ದಾದ್ದರಿಂದ ಅದಕ್ಕೆ 2025ರ ನವೆಂಬರ್ 30ರವರೆಗೆ ಸಮಯವಿತ್ತು. ಈ ಸಾಲನ್ನು ನೋಟಿಸಿಗೆ ಸೇರಿಸಿದೆ.

ಇಎಂಐ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. 23,000 ಯುಪಿಐನಲ್ಲಿ ಕಟ್ಟಿದ್ದಾಳೆ. ಉಳಿದ 36,000ಕ್ಕೆ ಕಂಪನಿಯವರೇ ಒಂದು ಫೈನಾನ್ಸ್ ಸಂಸ್ಥೆಯಿಂದ ಸಾಲ ಮಾಡಿಸಿದ್ದಾರೆ, ತಿಂಗಳಿಗೆ 3,000ದಂತೆ 12 ಕಂತು. ಅಕ್ಟೋಬರ್‌ನಿಂದ ಈ ತಿಂಗಳವರೆಗೆ ಒಂಬತ್ತು ಕಂತು ಹೋಗಿದೆ. ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡ ಎಂದೆ. ಸಾಲದ ಹಣ ಆಗಲೇ ಕಂಪನಿಗೆ ಸೇರಿಬಿಟ್ಟಿದೆ; ಕಂತು ತಪ್ಪಿದರೆ ಕೆಡುವುದು ಇವಳ ಸಿಬಿಲ್ ಸ್ಕೋರ್. ಸಾಲ ಕೊಟ್ಟವರಿಗೆ ವಿವಾದದ ಬಗ್ಗೆ ಲಿಖಿತವಾಗಿ ತಿಳಿಸಿ, ದೂರಿನಲ್ಲಿ ಅವರನ್ನು ಎರಡನೇ ಎದುರುದಾರರನ್ನಾಗಿ ಸೇರಿಸುವುದು ಲೇಸು. ಇವತ್ತಿನ ಲೆಕ್ಕದಲ್ಲಿ ಕೇಳಬೇಕಾದದ್ದು: ಇವಳಿಗೆ 50,000, ಬಾಕಿ 9,000 ಸಾಲಕ್ಕೆ ಕಟ್ಟಿ ನೋ ಡ್ಯೂ ಪತ್ರ. ಕಂತು ಕಟ್ಟಿದ ಹಾಗೆಲ್ಲ ಮೊದಲ ಅಂಕಿ ಏರಿ ಎರಡನೆಯದು ಇಳಿಯುತ್ತದೆ.

ಮಧ್ಯಾಹ್ನ ನೋಟಿಸ್ ಬರೆದೆವು, ಒಂದೂವರೆ ಪುಟ. ಪಟ್ಟಿ, ಮೊತ್ತ, 15 ದಿನದ ಗಡುವು, ಅಷ್ಟೇ. ಕಂಪನಿಯ ಕುಂದುಕೊರತೆ ಅಧಿಕಾರಿಯ ಮೇಲ್‌ಗೂ ಕಳಿಸಬೇಕು. ಇ-ಕಾಮರ್ಸ್ ನಿಯಮ 2020ರ ಪ್ರಕಾರ ಆತ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದಳು. ಸಹಾಯವಾಣಿ ಕಂಪನಿಯ ಜೊತೆ ಮಾತಾಡಿ ನೋಡುತ್ತದೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ದೂರು ಕೊಟ್ಟಿದ್ದೇವೆಂದು ಆಯೋಗಕ್ಕೆ ಹೋಗುವ ಎರಡು ವರ್ಷದ ಗಡುವು ನಿಲ್ಲುವುದೂ ಇಲ್ಲ.

ಉತ್ತರ ಬರದಿದ್ದರೆ e-jagriti.gov.in ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಷರತ್ತಿನಲ್ಲಿ "ವ್ಯಾಜ್ಯ ಗುರುಗ್ರಾಮದಲ್ಲಿ ಮಾತ್ರ" ಎಂದಿದೆ. ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಅವಕಾಶ ಕೊಟ್ಟಿದೆ. ಶಿಕ್ಷಣ ಸಂಸ್ಥೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂಬ ವಾದ ಖಂಡಿತ ಬರುತ್ತದೆ. ಅದಕ್ಕೆ ರಾಷ್ಟ್ರೀಯ ಆಯೋಗದ 2020ರ ಜನವರಿಯ ಮನು ಸೋಲಂಕಿ ತೀರ್ಪನ್ನೇ ಆಧಾರವಾಗಿ ಹಿಡಿಯುತ್ತಾರೆ. ಅದೇ ತೀರ್ಪು ಕೋಚಿಂಗ್ ಕೇಂದ್ರಗಳನ್ನು ಶಾಲೆ ಕಾಲೇಜುಗಳಿಂದ ಬೇರೆ ಮಾಡಿ ಕಾಯ್ದೆಯೊಳಗೆ ಇಟ್ಟಿದೆ, ಆ ಪುಟವನ್ನು ಲಗತ್ತಿಸಬೇಕು.

ದೂರಿನ ಕರಡಿನಲ್ಲಿ ಒಂದು ಪದ ಹೊಡೆದುಹಾಕಿಸಿದೆ. "ರಿಫಂಡ್ ಇಲ್ಲ" ಎಂಬ ಷರತ್ತನ್ನು ಅವಳು "ಅನ್ಯಾಯದ ಕರಾರು" ಎಂದು ಬರೆದಿದ್ದಳು. ಆ ವಾದ ಹಿಡಿದರೆ ವಿಷಯ ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ, ಜಿಲ್ಲೆಯಲ್ಲಿ ಆಕ್ಷೇಪಣೆ ಏಳುತ್ತದೆ. ಅದರ ಬದಲು "ಸೇವಾ ನ್ಯೂನತೆ" ಮತ್ತು "ಅನುಚಿತ ವ್ಯಾಪಾರ ಪದ್ಧತಿ" ಎಂದು ಬರೆದರೆ ಸಾಕು. ನ್ಯೂನತೆಯಿರುವ ಸೇವೆಯ ಹಣ ಹಿಂತಿರುಗಿಸಲು ನಿರಾಕರಿಸುವುದೂ 2(47)ನೇ ಕಲಮಿನ ಪಟ್ಟಿಯಲ್ಲಿ ಇದೆ.

ನೋಟಿಸ್ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ, ಕಂಪನಿಯ ನೋಂದಾಯಿತ ಕಚೇರಿಗೆ. ಇನ್‌ವಾಯ್ಸಿನಲ್ಲಿರುವುದು ಕೋರಮಂಗಲದ ಬ್ರಾಂಚಿನ ವಿಳಾಸ, ಅದೊಂದೇ ಸಾಲದು. ನೋಂದಾಯಿತ ವಿಳಾಸವನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹುಡುಕಿ ಲಕೋಟೆಯ ಮೇಲೆ ಬರೆದಿಟ್ಟಿದ್ದೇವೆ.