ಏಳು, ಎಂಟು ಮತ್ತು ಎರಡು ಸೊನ್ನೆಗಳು

ಸೋಮವಾರ ಬೆಳಿಗ್ಗೆ ನಮ್ಮ ವಿದ್ಯಾರ್ಥಿವೇತನ ಸಮಿತಿಯ ಕೋಣೆಗೆ ಬಂದ ಆ ತಾಯಿ, ಚೀಲದಿಂದ ಎರಡು ಪಾಸ್‌ಬುಕ್‌ಗಳನ್ನು ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟರು. ಅವುಗಳ ಪಕ್ಕದಲ್ಲಿ, ‘ಹಣ ಮರಳಿ ಬಂದಿದೆ, ಖಾತೆ ಸಂಖ್ಯೆಯನ್ನು ಪರಿಶೀಲಿಸಿ’ ಎಂದು ನಾವೇ ಕಳುಹಿಸಿದ್ದ ಎರಡು ಚೀಟಿಗಳನ್ನು ಇಟ್ಟರು. ಆಮೇಲೆ ಮೊದಲ ಪಾಸ್‌ಬುಕ್ಕಿನ ಸಂಖ್ಯೆಯ ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, “ಮೇಡಂ, ಇದು ಏಳು. ಇದು ಎಂಟು. ನಿಮ್ಮ ಚೀಟೀಲಿ ಎರಡೂ ಸೊನ್ನೆ ಆಗೈತಲ್ಲ, ಯಾಕೆ?” ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು, ಮತ್ತು ಆ ಕ್ಷಣದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ.

ಅವರ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ದಿನ, ಒಂದೇ ಕೌಂಟರಿನಲ್ಲಿ ಖಾತೆ ತೆರೆದದ್ದರಿಂದ ಸಂಖ್ಯೆಗಳು ಒಂದರ ಹಿಂದೆ ಒಂದು ಬಂದಿವೆ. ನಿಜವಾದ ಅಂಕಿಗಳನ್ನು ಇಲ್ಲಿ ಬರೆಯಲಾರೆ; ಅದೇ ಬಗೆಯ ಕಲ್ಪಿತ ಅಂಕಿಗಳನ್ನು ಕೊಡುತ್ತೇನೆ. ಅಕ್ಕನದು 4614250010398427, ತಂಗಿಯದು 4614250010398428. ನಮ್ಮ ಚೀಟಿಗಳಲ್ಲಿ ಎರಡೂ 4614250010398420 ಎಂದಿದ್ದವು. ಅಂದರೆ ಇಬ್ಬರು ಮಕ್ಕಳನ್ನು ನಾವು ಒಬ್ಬರನ್ನಾಗಿ ಮಾಡಿದ್ದೆವು, ಅದೂ ಇಬ್ಬರಲ್ಲಿ ಯಾರೂ ಅಲ್ಲದ ಒಬ್ಬರನ್ನಾಗಿ. ಅಂಥ ಖಾತೆ ಇಲ್ಲದಿದ್ದರಿಂದ ಹಣ ಮರಳಿ ಬಂತು. ಇದ್ದಿದ್ದರೆ ಬೇರೆ ಯಾರದೋ ಖಾತೆಗೆ ಹೋಗಿಬಿಡುತ್ತಿತ್ತು, ಏಕೆಂದರೆ ಇಂಥ ಪಾವತಿಗಳು ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ.

ಸಮಿತಿಯ ಖಜಾಂಚಿಗಳು ಆ ಮಧ್ಯಾಹ್ನವೇ ಪಟ್ಟಿ ತಯಾರಿಸಿದ ಹುಡುಗನನ್ನು ಎಲ್ಲರೆದುರಿಗೆ ಗದರಿದರು. ಅದು ಅನ್ಯಾಯವೆಂದು ನನಗೆ ಆಗಲೂ ಅನ್ನಿಸಿತ್ತು, ಈಗ ಖಚಿತವಾಗಿದೆ. ಆ ಹುಡುಗ ಒಂದು ಅಂಕಿಯನ್ನೂ ಕೈಯಿಂದ ಟೈಪ್ ಮಾಡಿರಲಿಲ್ಲ. ಮೂರು ಶಾಲೆಗಳ ಶಿಕ್ಷಕರು ವಾಟ್ಸಾಪಿನಲ್ಲಿ ಕಳುಹಿಸಿದ್ದ ಹೆಸರು, ಖಾತೆ ಸಂಖ್ಯೆ, ದೂರವಾಣಿ ಸಂಖ್ಯೆಗಳನ್ನು ನಕಲಿಸಿ, 118 ಸಾಲುಗಳಾಗಿ ಎಕ್ಸೆಲ್ ಹಾಳೆಗೆ ಅಂಟಿಸಿದ್ದನು, ಅಷ್ಟೆ. ಅವನು ಅಂಟಿಸಿದಾಗ ಖಾತೆಯ ಕಾಲಮ್ಮಿನಲ್ಲಿ ಸಂಖ್ಯೆಯ ಬದಲು `4.61425E+15` ಎಂದು ಕಾಣಿಸಿತಂತೆ. ಅದನ್ನು ಖಜಾಂಚಿಗಳಿಗೇ ತೋರಿಸಿದ್ದಾನೆ. ಅವರು ಕಾಲಮ್ಮಿನ ಸ್ವರೂಪವನ್ನು Number ಎಂದು ಬದಲಿಸಿ, ದಶಾಂಶಗಳನ್ನು ತೆಗೆದುಹಾಕಿ, “ನೋಡು, ಪೂರ್ತಿ ಬಂತಲ್ಲ” ಎಂದಿದ್ದಾರೆ. ಹದಿನಾರು ಅಂಕಿಗಳು ಕಾಣಿಸುತ್ತಿದ್ದವು. ಪೂರ್ತಿಯಾಗಿ ಬಂದಂತೆಯೇ ಇತ್ತು. ಆ ವಿಚಿತ್ರ E ಅಕ್ಷರ ನಮಗಿದ್ದ ಒಂದೇ ಎಚ್ಚರಿಕೆಯಾಗಿತ್ತು, ಅದನ್ನು ನಾವು ಅಂದಗೆಡಿಸುವ ಕಲೆಯೆಂದು ತಿಳಿದು ಒರೆಸಿಹಾಕಿದೆವು.

ಆ ರಾತ್ರಿ ನಾನು ಖಾಲಿ ಹಾಳೆಯೊಂದನ್ನು ತೆರೆದು ಅಕ್ಕನ ಸಂಖ್ಯೆಯನ್ನು ನಾನೇ ಟೈಪ್ ಮಾಡಿದೆ. ಏಳನ್ನು ಒತ್ತಿ ಎಂಟರ್ ಹೊಡೆದ ಮೇಲೆ, ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ಏಳು ಸೊನ್ನೆಯಾಗಿತ್ತು. ಕಾರಣ ಇಷ್ಟು. ಬರೀ ಅಂಕಿಗಳು ಕಂಡರೆ ಎಕ್ಸೆಲ್ ಅದನ್ನು ಮೊತ್ತವೆಂದೇ ಭಾವಿಸುತ್ತದೆ. ಮೊತ್ತಗಳಲ್ಲಿ ಅದು ಮೊದಲ ಹದಿನೈದು ಅಂಕಿಗಳನ್ನು ಮಾತ್ರ ಉಳಿಸಿಕೊಂಡು, ಆಮೇಲಿನ ಸ್ಥಾನಗಳಿಗೆ ಸೊನ್ನೆ ತುಂಬುತ್ತದೆ. ರೂಪಾಯಿಯಲ್ಲೋ ತೂಕದಲ್ಲೋ ಹದಿನಾರನೆಯ ಅಂಕಿಯಿಂದ ಯಾರಿಗೂ ನಷ್ಟವಿಲ್ಲ. ಅದೇ ರೀತಿ, ಮೊತ್ತದ ಎಡಬದಿಯ ಸೊನ್ನೆಗೆ ಬೆಲೆಯಿಲ್ಲವಾದ್ದರಿಂದ ಅದನ್ನೂ ತೆಗೆದುಹಾಕುತ್ತದೆ. ಆದರೆ ಖಾತೆ ಸಂಖ್ಯೆ ಮೊತ್ತವಲ್ಲ. ಅಕ್ಕನ ಖಾತೆಗೆ ತಂಗಿಯ ಖಾತೆಯನ್ನು ಕೂಡಿಸಿ ಎಷ್ಟಾಯಿತೆಂದು ಯಾರೂ ಕೇಳುವುದಿಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು. ಆ ಹೆಸರಿನ ಕೊನೆಯ ಅಕ್ಷರ ಬದಲಾದರೆ ಮನುಷ್ಯರೇ ಬದಲಾಗುತ್ತಾರೆ. ಆ ತಾಯಿಯ ಬೆರಳು ನಿಂತಿದ್ದು ಸರಿಯಾಗಿ ಅಲ್ಲಿಯೇ.

ಎರಡು ಬಗೆಯ ನಷ್ಟಗಳಲ್ಲಿ ದೊಡ್ಡ ವ್ಯತ್ಯಾಸವಿದೆ. ನಮ್ಮ ಪಟ್ಟಿಯಲ್ಲಿ 0614250010398427 ಎಂಬಂತೆ ಸೊನ್ನೆಯಿಂದ ಆರಂಭವಾಗುವ ಕೆಲವು ಖಾತೆಗಳೂ ಇದ್ದವು. ಮುಂದಿನ ಸೊನ್ನೆ ಹೋದ ಮೇಲೆ ಅಲ್ಲಿ ಉಳಿದದ್ದು ಸರಿಯಾಗಿ ಹದಿನೈದು ಅಂಕಿ, ಹಾಗಾಗಿ ಬಾಲಕ್ಕೆ ಏನೂ ಆಗಿರಲಿಲ್ಲ. ಆ ಬ್ಯಾಂಕಿನ ಖಾತೆಗಳೆಲ್ಲ ಹದಿನಾರು ಅಂಕಿಯವೆಂದು ಗೊತ್ತಿದ್ದುದರಿಂದ, ಅವುಗಳ ಸೊನ್ನೆಯನ್ನು ಮರಳಿ ತರಲು ಸಾಧ್ಯವಾಯಿತು:

```
=TEXT(C2,"0000000000000000")
```

ಬಾಲದ ಅಂಕಿ ಹೋದದ್ದಕ್ಕೆ ಇಂಥ ಯಾವ ಸೂತ್ರವೂ ಇಲ್ಲ. ಆ ಸೊನ್ನೆಯ ಜಾಗದಲ್ಲಿ ಹತ್ತು ಅಂಕಿಗಳಲ್ಲಿ ಯಾವುದು ಬೇಕಾದರೂ ಇದ್ದಿರಬಹುದು, ಹಾಳೆಯಲ್ಲಿ ಅದರ ಕುರುಹೂ ಇರುವುದಿಲ್ಲ. ಕಾಲಮ್ಮನ್ನು ಆಮೇಲೆ Text ಎಂದು ಬದಲಿಸಿದರೆ ಸರಿಹೋಗುತ್ತದೆಂದು ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಆದರೆ ನಷ್ಟವಾಗುವುದು ಅಂಕಿಗಳು ಹಾಳೆಯೊಳಕ್ಕೆ ಬರುವ ಗಳಿಗೆಯಲ್ಲಿ. ಆಮೇಲೆ ಸ್ವರೂಪ ಬದಲಿಸುವುದೆಂದರೆ ಖಾಲಿಯಾದ ಡಬ್ಬಿಗೆ ಹೊಸ ಚೀಟಿ ಅಂಟಿಸಿದಂತೆ.

ಕೆಟ್ಟದ್ದನ್ನು ಗುರುತಿಸುವುದೂ ಸುಲಭವಲ್ಲ. ಅಂಕಿಗಳ ಉದ್ದವನ್ನು `LEN` ಸೂತ್ರದಿಂದ ಅಳೆದರೆ ಅಕ್ಕನ ಕೆಟ್ಟ ಸಂಖ್ಯೆಗೂ 16 ಎಂದೇ ಉತ್ತರ ಬರುತ್ತದೆ, ಏಕೆಂದರೆ ಉದ್ದ ಬದಲಾಗಿಲ್ಲ. ಕೇಳಬೇಕಾದ ಪ್ರಶ್ನೆ `=ISTEXT(C2)` ಎಂಬುದು. ಉತ್ತರ `FALSE` ಬಂದರೆ ಅಲ್ಲಿರುವುದು ಮೊತ್ತ, ಹದಿನಾರು ಅಂಕಿಯ ಸಂಖ್ಯೆಯಾದರೆ ಅದನ್ನು ನಂಬಲಾಗದು. ಕಣ್ಣಿಗೂ ಒಂದು ಗುರುತಿದೆ: ನಾವೇ ಜೋಡಣೆಯನ್ನು ಬದಲಿಸಿರದಿದ್ದರೆ ಮೊತ್ತಗಳು ಬಲಕ್ಕೆ ಒರಗಿ ನಿಲ್ಲುತ್ತವೆ, ಪಠ್ಯ ಎಡಕ್ಕೆ ನಿಲ್ಲುತ್ತದೆ.

ದೂರವಾಣಿಯ ಕಾಲಮ್ಮಿನಲ್ಲಿ ಇನ್ನೊಂದು ಮೋಸವಿತ್ತು, ಅದು ನಮ್ಮ ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕಾದದ್ದು. ಹಾಸನದ ಎಸ್‌ಟಿಡಿ ಕೋಡ್ 08172, ಅದರ ಮುಂದೆ ಆರು ಅಂಕಿ. ಹಾಸ್ಟೆಲಿನ ಸ್ಥಿರ ದೂರವಾಣಿಯನ್ನು ಕೊಟ್ಟಿದ್ದ ಮಕ್ಕಳ ಸಾಲುಗಳಲ್ಲಿ ಮುಂದಿನ ಸೊನ್ನೆ ಹೋಗಿ, ಎಂಟರಿಂದ ಆರಂಭವಾಗುವ ಹತ್ತು ಅಂಕಿ ಉಳಿದಿತ್ತು. ಅದು ನೋಡಲು ಥೇಟ್ ಮೊಬೈಲ್ ಸಂಖ್ಯೆ. ಬೆಂಗಳೂರಿನ 080, ಮೈಸೂರಿನ 0821, ಹುಬ್ಬಳ್ಳಿಯ 0836, ಇವೆಲ್ಲದರ ಕತೆಯೂ ಅದೇ. ಹುಡುಗ ಆ ಸಂಖ್ಯೆಗಳಿಗೆಲ್ಲ ವಾಟ್ಸಾಪ್ ಸಂದೇಶ ಕಳುಹಿಸಲು ಪ್ರಯತ್ನಿಸಿ, ತಲುಪದಿದ್ದಾಗ ‘ಮೊಬೈಲ್ ಬಂದ್ ಆಗಿದೆ’ ಎಂದು ಷರಾ ಬರೆದಿದ್ದ. ಇಲ್ಲಿ ಮೇಲಿನ `TEXT` ಸೂತ್ರವನ್ನು ಕಾಲಮ್ಮಿಗೆಲ್ಲ ಹಾಕುವಂತಿಲ್ಲ, ಹಾಕಿದರೆ ನಿಜವಾದ ಮೊಬೈಲ್‌ಗಳಿಗೂ ಸೊನ್ನೆ ಅಂಟುತ್ತದೆ. ಯಾವುದು ಸ್ಥಿರ, ಯಾವುದು ಮೊಬೈಲ್ ಎಂಬುದನ್ನು ಮೂಲ ಸಂದೇಶ ನೋಡಿಯೇ ತಿಳಿಯಬೇಕಾಯಿತು. ಒಬ್ಬ ಶಿಕ್ಷಕಿ ಮಾತ್ರ ಕೋಡ್ ಮತ್ತು ಸಂಖ್ಯೆಯ ನಡುವೆ ಅಡ್ಡಗೆರೆ ಹಾಕಿ ಕಳುಹಿಸಿದ್ದರು. ಆ ಗೆರೆಯ ದೆಸೆಯಿಂದ ಎಕ್ಸೆಲ್ ಅದನ್ನು ಪಠ್ಯವೆಂದು ಭಾವಿಸಿ, ಅವರ ಶಾಲೆಯ ಸೊನ್ನೆಗಳನ್ನೆಲ್ಲ ಹಾಗೆಯೇ ಉಳಿಸಿತ್ತು.

ಮಂಗಳವಾರ ನಾನೂ ಹುಡುಗನೂ ಕುಳಿತು ಪಟ್ಟಿಯನ್ನು ಹೊಸದಾಗಿ ಮಾಡಿದೆವು. ಮೊದಲು ಖಾಲಿ ಹಾಳೆಯ ಖಾತೆ ಮತ್ತು ದೂರವಾಣಿ ಕಾಲಮ್‌ಗಳನ್ನು ಆರಿಸಿ, `Ctrl+1` ಒತ್ತಿ, Text ಎಂದು ನಿಗದಿಪಡಿಸಿದೆವು. ಆಮೇಲೆ ಮೂಲ ಸಂದೇಶದಿಂದ ನಕಲಿಸಿ, ಅಂಟಿಸುವಾಗ ಬಲಗುಂಡಿಯಲ್ಲಿ Match Destination Formatting ಆರಿಸಿದೆವು. ಹಾಗೆ ಮಾಡದಿದ್ದರೆ ಅಂಟಿಸಿದ ಪಠ್ಯದ ಜೊತೆ ಬಂದ ಸ್ವರೂಪವು ನಾವು ನಿಗದಿಪಡಿಸಿದ್ದನ್ನು ಅಳಿಸಿಬಿಡಬಹುದು. ಪ್ರತಿ ಕೋಶದ ಮೂಲೆಯಲ್ಲಿಯೂ ಸಣ್ಣ ಹಸಿರು ತ್ರಿಕೋನ ಮೂಡಿತು. ಅದನ್ನು ಒತ್ತಿದರೆ Convert to Number ಎಂಬ ಆಯ್ಕೆ ಬರುತ್ತದೆ. ಹುಡುಗನಿಗೆ ನಾನು ಮೂರು ಸಲ ಹೇಳಿದೆ, ಅದನ್ನು ಮುಟ್ಟಬೇಡ ಎಂದು. ಅಲ್ಲಿ ಒಂದು ಒತ್ತಿನಿಂದ ದಿನದ ಕೆಲಸವೆಲ್ಲ ಹೋಗುತ್ತಿತ್ತು.

ಎಲ್ಲ ಮುಗಿದ ಮೇಲೆ, ಒಂದೇ ಖಾತೆ ಎರಡು ಸಲ ಬಂದಿದೆಯೇ ಎಂದು ನೋಡಲು ಖಜಾಂಚಿಗಳು ತಮ್ಮ ರೂಢಿಯ ಸೂತ್ರವನ್ನು ಹಾಕಿದರು:

```
=COUNTIF(C$2:C$119,C2)
```

ಅಕ್ಕತಂಗಿಯರ ಎದುರು 2, 2 ಎಂದು ಬಂತು. “ನೋಡಿ, ಇನ್ನೂ ಒಂದೇ ಸಂಖ್ಯೆ ಇದೆ, ಒಂದು ಸಾಲು ತೆಗೆಯಬೇಕು” ಎಂದರು. ಪರದೆಯ ಮೇಲೆ ಏಳೂ ಎಂಟೂ ಸ್ಪಷ್ಟವಾಗಿ ಕಾಣುತ್ತಿದ್ದವು. ನನಗೆ ಆ ತಾಯಿಯ ಬೆರಳು ಮತ್ತೆ ಕಣ್ಣಮುಂದೆ ಬಂತು: ಇದು ಏಳು, ಇದು ಎಂಟು. ಹುಡುಕಿದಾಗ ತಿಳಿದದ್ದು, ಕೋಶದಲ್ಲಿ ಪಠ್ಯವಿದ್ದರೂ `COUNTIF` ಹೋಲಿಸುವ ಹೊತ್ತಿಗೆ ಅಂಕಿಗಳನ್ನು ಮೊತ್ತವನ್ನಾಗಿ ಓದಿಕೊಳ್ಳುತ್ತದೆ, ಆಗ ಅದೇ ಹದಿನೈದರ ಮಿತಿ ಮತ್ತೆ ಅಡ್ಡ ಬರುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಈ ಸೂತ್ರ ಹಾಕಿದಾಗ ಇಬ್ಬರಿಗೂ 1 ಬಂತು:

```
=SUMPRODUCT(--(C$2:C$119=C2))
```

ಖಜಾಂಚಿಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, “ನಿನ್ನ ತಪ್ಪಲ್ಲಪ್ಪ” ಎಂದರು. ಮೂವತ್ತು ವರ್ಷ ಕೈಬರಹದ ಲೆಡ್ಜರಿನಲ್ಲಿ ಒಂದು ಅಂಕಿ ತಪ್ಪದೆ ಲೆಕ್ಕ ಇಟ್ಟವರು ಅವರು. ಬರೆದದ್ದು ಬರೆದಂತೆ ಇರುತ್ತದೆಂಬುದು ಅವರ ಅನುಭವ, ಹಾಳೆ ತಾನಾಗಿ ಅಂಕಿ ತಿದ್ದಬಹುದೆಂದು ಅವರು ಊಹಿಸಲು ಕಾರಣವೇ ಇರಲಿಲ್ಲ.

ಬ್ಯಾಂಕಿಗೆ ಬೇಕಾದದ್ದು ಸಿಎಸ್‌ವಿ ಕಡತ. ಬುಧವಾರ ಅದನ್ನು ಉಳಿಸಿದ ಮೇಲೆ ಹುಡುಗ, ಸರಿಯಾಗಿದೆಯೇ ನೋಡೋಣವೆಂದು ಅದರ ಮೇಲೆ ಎರಡು ಸಲ ಒತ್ತಿ ತೆರೆದ. ಸಿಎಸ್‌ವಿಯಲ್ಲಿ ಇರುವುದು ಬರೀ ಅಕ್ಷರಗಳು, ಯಾವ ಕಾಲಮ್ ಪಠ್ಯ ಎಂಬ ನೆನಪು ಅದಕ್ಕಿಲ್ಲ. ಆದ್ದರಿಂದ ಎಕ್ಸೆಲ್ ಮತ್ತೆ ಮೊದಲಿನಿಂದ ಊಹೆ ಮಾಡಿತು, E ಮರಳಿ ಬಂತು. ಆ ಸ್ಥಿತಿಯಲ್ಲಿ ಉಳಿಸಿದ್ದರೆ ಕಡತದಲ್ಲಿ `4.61425E+15` ಎಂದೇ ಬರೆದುಹೋಗಿ, ಕೊನೆಯ ಅಂಕಿಯ ಜೊತೆ ನಡುವಿನ ಅಂಕಿಗಳೂ ಹೋಗುತ್ತಿದ್ದವು. ಅವನು ಉಳಿಸದೆ ಮುಚ್ಚಿದ. ಆಮೇಲೆ ಅದೇ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದೆವು, ಅಲ್ಲಿ ಎಲ್ಲ ಅಂಕಿಗಳೂ ನೆಟ್ಟಗೆ ಇದ್ದವು. ಸಿಎಸ್‌ವಿಯನ್ನು ಎಕ್ಸೆಲಿನಲ್ಲಿಯೇ ನೋಡಬೇಕಾದರೆ Data ಪಟ್ಟಿಯ From Text/CSV ಮೂಲಕ ತಂದು, ದತ್ತಾಂಶದ ಬಗೆಯನ್ನು ಊಹಿಸಬೇಡವೆಂದು ಹೇಳುವ Do not detect data types ಆರಿಸಬೇಕು. ಮೈಕ್ರೋಸಾಫ್ಟ್ 365ರ ಹೊಸ ಆವೃತ್ತಿಗಳಲ್ಲಿ Options ಒಳಗಿನ Data ಪುಟದಲ್ಲಿ ಈ ತಾನೇತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆಗಳಿವೆ. ನಮ್ಮ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಅವು ಇಲ್ಲ.

ಎರಡು ಶಾಲೆಗಳ ಮೂಲ ಸಂದೇಶಗಳು ಫೋನಿನಲ್ಲಿ ಉಳಿದಿದ್ದವು. ಮೂರನೆಯ ಶಾಲೆಯ ಸಂದೇಶ ಅಳಿಸಿಹೋಗಿದ್ದರಿಂದ, ಅಲ್ಲಿನ ಒಂಬತ್ತು ಮಕ್ಕಳ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನು ಮತ್ತೆ ತರಿಸಬೇಕಾಗಿದೆ. ಇಂದಿನವರೆಗೆ ಆರು ಬಂದಿವೆ. ಬೇರೆಲ್ಲ ಮಕ್ಕಳ ಹಣವನ್ನು ನಿನ್ನೆ ಅವರವರ ಖಾತೆಗಳಿಗೆ ಕಳುಹಿಸಿದೆವು. ಸಂಜೆ ಆ ತಾಯಿಗೆ ಫೋನ್ ಮಾಡಿ, ಎರಡೂ ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದೆ. ಅವರು ಪಾಸ್‌ಬುಕ್ ಮುಂದಿಟ್ಟುಕೊಂಡು ಪ್ರತಿ ಅಂಕಿಗೂ “ಹೂಂ” ಎನ್ನುತ್ತ ಹೋದರು. ಕೊನೆಗೆ ದೊಡ್ಡವಳದಕ್ಕೆ ನಾನು ಏಳು ಎಂದೆ, ಚಿಕ್ಕವಳದಕ್ಕೆ ಎಂಟು ಎಂದೆ. “ಹಾಂ ಮೇಡಂ, ಈಗ ಸರಿ ಐತೆ” ಎಂದರು.