ಚಿತ್ರದ ಅಜ್ಜಿ ಕಣ್ಣು ಮಿಟುಕಿಸುವಾಗ

"ಮಾಟುಂಗದಲ್ಲಿ ನಮ್ಮ ಕಾರ್ಯಕ್ರಮ ಇದೆ ಸರ್. ಇಳಕಲ್ ಸೀರೆ ಉಟ್ಟ ಅಜ್ಜಿಯ ಇಂಕ್ ಚಿತ್ರವನ್ನು ಎಲ್ಇಡಿ ಪರದೆಗೆ ಹಾಕ್ಬೇಕು. ಕಣ್ಣು ಮಿಟುಕಿಸಿ ತಲೆ ಸ್ವಲ್ಪ ತಿರುಗಿಸಿದ್ರೆ ಸಾಕು. ಆದ್ರೆ ಅಲುಗಾಡಿಸಿದ ಕೂಡಲೇ ಚಿತ್ರ ಹೋಗಿ ರಬ್ಬರ್ ಗೊಂಬೆ ಆಗ್ತದೆ. ಏನು ಮಾಡೋದು?"

ರಬ್ಬರ್ ಆಗುವುದು ಎರಡು ಭಂಗಿಗಳ ನಡುವಿನ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟಾಗ. ತಂತ್ರಾಂಶದ ಪಪೆಟ್ ಪಿನ್ ಎಂಬ ಮೊಳೆ ಚುಚ್ಚಿ ಮುಖವನ್ನು ಎಳೆದರೆ ಎಳೆದ ಕಡೆ ಗೆರೆ ದಪ್ಪವಾಗುತ್ತದೆ, ಒತ್ತಿದ ಕಡೆ ಸಣ್ಣಗಾಗುತ್ತದೆ, ಕೆನ್ನೆಯ ನೆರಳಿಗೆಂದು ಹಾಕಿದ ಅಡ್ಡಗೆರೆಗಳು ಬಾಗುತ್ತವೆ. ನಿಬ್ಬು ಯಾವತ್ತೂ ಹಾಗೆ ಗೀಚುವುದಿಲ್ಲ, ಅದು ನೋಡುವವರ ಕಣ್ಣಿಗೆ ಗೊತ್ತು. ಆದ್ದರಿಂದ ಆಕಾರ ಬದಲಾಗುವುದನ್ನೆಲ್ಲ ಕೈಯಲ್ಲಿ ಮತ್ತೆ ಬರೆಯಬೇಕು. ಸ್ಥಾನ ಮಾತ್ರ ಬದಲಾಗುವುದನ್ನು ಕಂಪ್ಯೂಟರ್ ಸರಿಸಲಿ, ಅದೂ ಮೆಟ್ಟಿಲು ಮೆಟ್ಟಿಲಾಗಿ.

ಈ ಅಜ್ಜಿಯನ್ನೇ ತೆಗೆದುಕೊಳ್ಳೋಣ. ಪರದೆ 1920×1080, ತಲೆಯ ಎತ್ತರ ಸುಮಾರು 700 ಪಿಕ್ಸೆಲ್, ಸೆಕೆಂಡಿಗೆ 12 ಚಿತ್ರ.

ಮೊದಲು ಕಣ್ಣು. ಎಲ್ಲರೂ ಮಾಡುವ ತಪ್ಪೆಂದರೆ ಬೇರೆಯಾಗಿ ಕತ್ತರಿಸಿಟ್ಟ ಕಣ್ಣಿನ ಲೇಯರನ್ನು ಮೇಲಿಂದ ಕೆಳಕ್ಕೆ ಸ್ಕೇಲ್ ಮಾಡಿ ಚಪ್ಪಟೆ ಮಾಡುವುದು. 6 ಪಿಕ್ಸೆಲ್ ದಪ್ಪದ ರೆಪ್ಪೆಗೆರೆ ಅರ್ಧ ಮುಚ್ಚುವಷ್ಟರಲ್ಲಿ 3 ಪಿಕ್ಸೆಲ್ ಆಗಿರುತ್ತದೆ, ಪೂರ್ತಿ ಮುಚ್ಚಿದಾಗ ಕೂದಲೆಳೆ. ಜತೆಗೆ ಕಣ್ಣು ನಡುಮಧ್ಯಕ್ಕೆ ಬಂದು ಮುಚ್ಚುತ್ತದೆ, ಗುಂಡಿ ಹಾಕಿದ ಹಾಗೆ. ನಿಜವಾದ ಕಣ್ಣಿನಲ್ಲಿ ಕೆಲಸವೆಲ್ಲ ಮೇಲಿನ ರೆಪ್ಪೆಯದು. ಅದು ಇಳಿದು ಬಂದು ಕೆಳರೆಪ್ಪೆಯ ಹತ್ತಿರ ನಿಲ್ಲುತ್ತದೆ, ಕೆಳಗಿನದು ಕದಲಿದರೂ ಒಂದೆರಡು ಪಿಕ್ಸೆಲ್ ಅಷ್ಟೆ. ಹಾಗಾಗಿ ತೆರೆದ ಕಣ್ಣಿನ ಚಿತ್ರದ ಜತೆಗೆ ಇನ್ನೂ ಮೂರು ಚಿತ್ರ ಬರೆಯಿರಿ: ಮುಕ್ಕಾಲು ತೆರೆದದ್ದು, ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು. ಮುಚ್ಚಿದ ಕಣ್ಣೆಂದರೆ ಅದೇ ಮೇಲ್ರೆಪ್ಪೆಯ ಗೆರೆ, ಅದೇ ದಪ್ಪ, ಹೆಚ್ಚುಕಡಿಮೆ ಅದೇ ಉದ್ದ. ಬಾಗು ಮಾತ್ರ ಈಗ ಕೆಳಮುಖ. ಅಜ್ಜಿಯ ರೆಪ್ಪೆಯ ಮೇಲೆ ಸುಕ್ಕಿನ ಗೆರೆಗಳಿದ್ದರೆ ಅವು ಮುಚ್ಚಿದಾಗ ಬಿಡಿಸಿಕೊಳ್ಳುತ್ತವೆ, ಎರಡಿದ್ದದ್ದು ಒಂದಾಗಲಿ. ಹುಬ್ಬು 2 ಪಿಕ್ಸೆಲ್ ಇಳಿಯಲಿ.

ಮುಚ್ಚುವಾಗ ಒಂದೇ ಹೆಜ್ಜೆ, ತೆರೆಯುವಾಗ ಎರಡು. ಅಂದರೆ ಅರ್ಧ, ಮುಚ್ಚಿದ್ದು, ಅರ್ಧ, ಮುಕ್ಕಾಲು. ನಾಲ್ಕು ಚಿತ್ರ, ಸೆಕೆಂಡಿನ ಮೂರನೇ ಒಂದು ಭಾಗ. ಎರಡೂ ಕಡೆ ಸಮನಾಗಿಟ್ಟರೆ ಅಂಗಡಿಯ ಸೀರಿಯಲ್ ದೀಪದ ಹಾಗೆ ಕಾಣುತ್ತದೆ. ವಯಸ್ಸಾದ ಮುಖವಾದ್ದರಿಂದ ಮುಚ್ಚಿದ ಚಿತ್ರವನ್ನು ಎರಡು ಸಲ ಹಿಡಿದರೂ ನಡೆಯುತ್ತದೆ. ಮೂರು ಸಲ ಹಿಡಿದರೆ ಅಜ್ಜಿ ತೂಕಡಿಸುತ್ತಾಳೆ.

ಇನ್ನು ತಲೆ. ಒಂದೇ ಮುಂಗಡೆಯ ಚಿತ್ರವಿರುವಾಗ 3 ಡಿಗ್ರಿಗಿಂತ ಹೆಚ್ಚು ತಿರುಗಿಸುವ ಆಸೆ ಬೇಡ. ಅದರಾಚೆ ಆಚೆಗಿನ ಕೆನ್ನೆ, ಮೂಗಿನ ಪಕ್ಕ ಎಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. 3 ಡಿಗ್ರಿಗೆ ಲೇಯರ್‌ಗಳನ್ನು ಬೇರೆ ಬೇರೆ ದೂರ ಸರಿಸಿದರೆ ಸಾಕು. ಮುಖದಲ್ಲಿ ಹೆಚ್ಚು ಮುಂದಿರುವುದು ಹೆಚ್ಚು ಸರಿಯುತ್ತದೆ: ಮೂಗು 20 ಪಿಕ್ಸೆಲ್, ಬಾಯಿ 16, ಕಣ್ಣು ಹುಬ್ಬು ಕುಂಕುಮ 14, ಮುಖದ ಹೊರಗೆರೆ 4. ಕಿವಿ ಮತ್ತು ತಲೆ ಮೇಲಿನ ಸೆರಗಿನ ಹಿಂಭಾಗ 3 ಪಿಕ್ಸೆಲ್ ಹಿಂದಕ್ಕೆ. ಎಲ್ಲವನ್ನೂ ಸಮನಾಗಿ ಸರಿಸಿದರೆ ತಲೆ ತಿರುಗುವುದಿಲ್ಲ, ಕ್ಯಾಲೆಂಡರ್ ಪಕ್ಕಕ್ಕೆ ಜರುಗಿದ ಹಾಗಿರುತ್ತದೆ.

ಲೇಯರ್ ಕತ್ತರಿಸಿದಲ್ಲಿ ಕೆಳಗೆ ಖಾಲಿ ಬೀಳದಂತೆ ಮೂಗಿನ ಹಿಂದೆ ಕೆನ್ನೆಯನ್ನು ಕನಿಷ್ಠ 25 ಪಿಕ್ಸೆಲ್ ಒಳಕ್ಕೆ ಬರೆದಿರಬೇಕು. ಹೆಚ್ಚು ತೊಂದರೆ ಕೊಡುವುದು ಅಡ್ಡಗೆರೆಯ ನೆರಳು. ಮೂಗಿನ ಪಕ್ಕದಿಂದ ಕೆನ್ನೆಗೆ ಹರಿದ ಗೆರೆಯನ್ನು ನಡುವೆ ಕತ್ತರಿಸಿದರೆ, ಮೂಗು ಸರಿದಾಗ ಅದು ತುಂಡಾಗಿ ಕಾಣುತ್ತದೆ. ಕತ್ತರಿ ಯಾವಾಗಲೂ ಗೆರೆಗಳ ನಡುವಿನ ಬಿಳಿಯಲ್ಲಿ ಓಡಲಿ. ಬಿಳಿಯೇ ಇಲ್ಲದಿದ್ದರೆ ಆ ಗೆರೆಗಳನ್ನು ಕೆನ್ನೆಯ ಲೇಯರಿಗೆ ಪೂರ್ತಿ ಬಿಟ್ಟುಬಿಡಿ.

ಮೂಗಿನ ಆ 20 ಪಿಕ್ಸೆಲನ್ನು 8 ಚಿತ್ರಗಳಲ್ಲಿ 1, 2, 3, 4, 4, 3, 2, 1 ಎಂದು ಹಂಚಿ. ಹಾದಿ ನೇರವಾಗಿರದೆ ನಡುವೆ 3 ಪಿಕ್ಸೆಲ್ ಕೆಳಗೆ ಬಾಗಿ ಏಳಲಿ. ಮೂಗಿನ ನತ್ತು ಮೂಗಿಗಿಂತ ಒಂದು ಚಿತ್ರ ತಡವಾಗಿ ಹೊರಟು, ಮೂಗು ನಿಂತ ಮೇಲೆ 2 ಪಿಕ್ಸೆಲ್ ಮುಂದೆ ಹೋಗಿ ಹಿಂದಕ್ಕೆ ಬಂದು ನಿಲ್ಲಲಿ. ತಲೆಗೆ ಭಾರವಿದೆ ಅನ್ನಿಸುವುದು ಅದರಿಂದಲೇ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡುವವರು ಪ್ರತಿ ಲೇಯರಿನ `Position`ಗೆ ಇದನ್ನು ಎಕ್ಸ್‌ಪ್ರೆಶನ್ ಆಗಿ ಹಾಕಿ:

```
posterizeTime(12);
[Math.round(value[0]), Math.round(value[1])]
```

ಮೊದಲ ಸಾಲು ಚಲನೆಯನ್ನು ಸೆಕೆಂಡಿಗೆ 12 ಮೆಟ್ಟಿಲಿಗೆ ಇಳಿಸುತ್ತದೆ. ಎರಡನೆಯದನ್ನು ಬಹಳ ಮಂದಿ ಬಿಡುತ್ತಾರೆ. ಲೇಯರ್ ಅರ್ಧ ಪಿಕ್ಸೆಲ್ ಮೇಲೆ ನಿಂತರೆ ಅಲ್ಲಿನ ಗೆರೆ ಮಸುಕಾಗುತ್ತದೆ, ಮುಂದಿನ ಚಿತ್ರದಲ್ಲಿ ಮತ್ತೆ ಚೂಪಾಗುತ್ತದೆ, ಒಟ್ಟಿನಲ್ಲಿ ಗೆರೆ ಮಿಣುಕಿದ ಹಾಗೆ. ಇಡೀ ಪಿಕ್ಸೆಲಿಗೆ ಕೂರಿಸಿದರೆ ಇಂಕು ಇಂಕಾಗಿಯೇ ಉಳಿಯುತ್ತದೆ. ಮೋಷನ್ ಬ್ಲರ್ ಬೇಡವೇ ಬೇಡ.

ಕಾಗದದ ತರಿ ಯಾವ ಲೇಯರಿಗೂ ಅಂಟಿರಬಾರದು. ಸ್ಕ್ಯಾನಿನಲ್ಲಿ ಕಾಗದದ ಬಣ್ಣವನ್ನು ತೆಗೆದು ಗೆರೆ ಮಾತ್ರ ಉಳಿಸಿಕೊಂಡು, ಕಾಗದವನ್ನು ಎಲ್ಲದರ ಮೇಲೆ `Multiply`ಯಲ್ಲಿ ಅಲುಗಾಡದೆ ಇಡಿ. ತಲೆಯ ಜತೆ ತರಿಯೂ ಸರಿದರೆ ಅಜ್ಜಿ ಕತ್ತರಿಸಿ ಅಂಟಿಸಿದ ರಟ್ಟಾಗುತ್ತಾಳೆ. ಗೆರೆ ಸದಾ ನಡುಗುತ್ತಿರಬೇಕು ಎನ್ನುವವರು ಚಿತ್ರವನ್ನು ಮೂರು ಸಲ ಟ್ರೇಸ್ ಮಾಡಿ, ಆ ಮೂರನ್ನೂ ಒಂದಾದ ಮೇಲೊಂದು ಸುತ್ತಿ ಸುತ್ತಿ ತೋರಿಸುತ್ತಾರೆ. ಸೆರಗಿಗೆ ಅದು ಚೆನ್ನ, ಕಣ್ಣಿನ ಗುಡ್ಡೆಗೆ ಮಾತ್ರ ಬೇಡ. ಗುಡ್ಡೆ ನಡುಗಿದರೆ ನೋಟವೇ ತಪ್ಪುತ್ತದೆ.

ಈಗ ಕಣ್ಣು, ತಲೆ ಎರಡನ್ನೂ ಕೂಡಿಸೋಣ. 10 ಸೆಕೆಂಡಿನ ಸುತ್ತು, 120 ಚಿತ್ರ. ಮನುಷ್ಯರು ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15ರಿಂದ 20 ಸಲ ಮಿಟುಕಿಸುತ್ತಾರೆ, ಹಾಗಾಗಿ ಇಲ್ಲಿ ಮೂರು ಸಲ ಸಾಕು: 22, 49, 95ನೇ ಚಿತ್ರದಲ್ಲಿ ಶುರು. ಅಂತರ ಸಮನಾಗಿಲ್ಲ, ಬೇಕೆಂದೇ. 49ರಲ್ಲಿ ರೆಪ್ಪೆ ಇಳಿದು 50ರಲ್ಲಿ ಮುಚ್ಚುತ್ತದೆ. 51ರಲ್ಲಿ ತೆರೆಯುವಾಗ ಗುಡ್ಡೆ ಆಗಲೇ 4 ಪಿಕ್ಸೆಲ್ ಪಕ್ಕಕ್ಕಿರುತ್ತದೆ, ತಲೆ ಅಲ್ಲಿಂದ ಹೊರಟು 58ಕ್ಕೆ ತಲುಪುತ್ತದೆ. ನೋಟ ಮೊದಲು, ತಲೆ ಆಮೇಲೆ. ಗುಡ್ಡೆ ಸರಿಯುವುದು ರೆಪ್ಪೆಯ ಹಿಂದೆ ನಡೆದುಹೋಗುವುದರಿಂದ ಅದನ್ನು ಬೇರೆಯಾಗಿ ಬರೆಯುವ ಕೆಲಸವೂ ಇಲ್ಲ. ತಲೆ ತಲುಪುವಷ್ಟರಲ್ಲಿ ಗುಡ್ಡೆ 2 ಪಿಕ್ಸೆಲ್ ಹಿಂದಕ್ಕೆ ಬರಲಿ. 95ರಲ್ಲಿ ಇದೇ ಹಾದಿಯಲ್ಲಿ ವಾಪಸ್ಸು. ಉಳಿದ ಹೊತ್ತು ಮುಖ ಸುಮ್ಮನಿರಲಿ. ಚಿತ್ರಕ್ಕೆ ಸುಮ್ಮನಿರುವ ಹಕ್ಕಿದೆ.

ಪರದೆಯ ವಿಷಯ ಒಂದು. ಬಾಡಿಗೆಗೆ ಸಿಗುವ ಪಿ3.9 ಫಲಕದಲ್ಲಿ ದೀಪದಿಂದ ದೀಪಕ್ಕೆ 3.9 ಮಿಲಿಮೀಟರ್, ಅಂದರೆ 12 ಅಡಿ ಅಗಲಕ್ಕೆ ಸುಮಾರು 940 ಪಿಕ್ಸೆಲ್. ನಿಮ್ಮ 1920 ಅಲ್ಲಿ ಅರ್ಧವಾಗುತ್ತದೆ, 2 ಪಿಕ್ಸೆಲ್ ಗೆರೆ ಒಂದಾಗಿ ಮಿನುಗುತ್ತದೆ. ಅಂಥ ಪರದೆಗಾದರೆ ತೆಳುಗೆರೆಗಳನ್ನು 4ಕ್ಕೆ ದಪ್ಪ ಮಾಡಿ, ಒತ್ತೊತ್ತಾದ ಅಡ್ಡಗೆರೆಗಳಲ್ಲಿ ಒಂದು ಬಿಟ್ಟು ಒಂದು ತೆಗೆಯಿರಿ. ಫಲಕದವರ ಹತ್ತಿರ ನಿಜವಾದ ಪಿಕ್ಸೆಲ್ ಲೆಕ್ಕ ಕೇಳಿಕೊಂಡು, ಅದೇ ಅಳತೆಗೆ ಕುಗ್ಗಿಸಿ ಮೊದಲೇ ನೋಡಿಕೊಳ್ಳಿ.

ಪರೀಕ್ಷೆಗೆ 120ರಲ್ಲಿ ಎಲ್ಲಾದರೂ ನಿಲ್ಲಿಸಿ. ನಿಂತ ಚಿತ್ರವನ್ನು ಮೂಲದ ಪಕ್ಕ ಇಟ್ಟಾಗ ಒಂದೇ ಕೈ, ಒಂದೇ ನಿಬ್ಬು ಅನ್ನಿಸದಿದ್ದರೆ ಆ ಫ್ರೇಮಿನ ಕಣ್ಣನ್ನೇ ಮೊದಲು ನೋಡಿ. ಹತ್ತಕ್ಕೆ ಎಂಟು ಸಲ ಅರ್ಧ ಮುಚ್ಚಿದ ರೆಪ್ಪೆಯ ದಪ್ಪ ತಪ್ಪಿರುತ್ತದೆ.