ನಮ್ಮ ಕಾರ್ಖಾನೆಯ ಬಗ್ಗೆ ನಮ್ಮವರೇ ಹೇಳಲಿ: ಆರನೇ ವಾರದ ಟಿಪ್ಪಣಿ

ಬೈಕಂಪಾಡಿಯ ನಮ್ಮ ವಾಲ್ವ್ ಕಾರ್ಖಾನೆಯಲ್ಲಿ 220 ಜನ ಇದ್ದೇವೆ. ಸಿಎನ್‌ಸಿ ಕೆಲಸಕ್ಕೆ ಐಟಿಐ, ಡಿಪ್ಲೊಮಾ ಮುಗಿಸಿದವರು ಬೇಕು. ಇಲ್ಲಿ ದುಡಿಯುವವರೇ ತಮ್ಮ ಪರಿಚಯದವರಿಗೆ ಕೆಲಸದ ಬಗ್ಗೆ ಹೇಳುವ ಹಾಗೆ ಒಂದು ವ್ಯವಸ್ಥೆ ಮಾಡುವುದು ನನ್ನ ಪಾಲಿಗೆ ಬಂದಿದೆ.

ಮೊದಲ ಮೂರು ವಾರ ಹಾಳಾದವು. ನಾನೇ ಪೋಸ್ಟ್ ಬರೆದು 12 ಜನರಿಗೆ ಕಳಿಸುತ್ತಿದ್ದೆ, ಅವರು ಅದನ್ನು ಹಾಗೇ ಲಿಂಕ್ಡ್‌ಇನ್‌ಗೆ ಹಾಕುತ್ತಿದ್ದರು. ಎಲ್ಲರ ಗೋಡೆಯಲ್ಲೂ ಅದೇ ಮಾತು. ಲೈಕ್ ಒತ್ತಿದವರೂ ನಮ್ಮ ಆಫೀಸಿನವರೇ. ಮೂರನೇ ವಾರ ಹಾಕಿದವರು ನಾಲ್ಕೇ ಜನ.

ನಾಲ್ಕನೇ ವಾರ ಚಹಾದ ಹೊತ್ತಿಗೆ ಎರಡನೇ ಶಿಫ್ಟಿನ ಸೆಟ್ಟರ್ ಅಣ್ಣ ಮೊಬೈಲ್ ತೋರಿಸಿದರು. "ನಂಗೆ ಲಿಂಕ್ಡ್‌ಇನ್ ಇಲ್ಲ ಮೇಡಂ. ವಾಟ್ಸಾಪ್ ಸ್ಟೇಟಸ್ ಉಂಟು. ಐಟಿಐ ಜೂನಿಯರ್ಸ್ ಎಲ್ಲ ನೋಡ್ತಾರೆ." ಅವತ್ತೇ ದಾರಿ ಬದಲಿಸಿದೆ. ಹುದ್ದೆ, ಸಂಬಳ, ಶಿಫ್ಟ್, ಬಸ್ಸಿನ ವಿವರ ನಾನು ಕೊಡುತ್ತೇನೆ. ಮಾತು ಅವರದೇ, ಕನ್ನಡವೋ ತುಳುವೋ. ಇಲ್ಲೇ ಕೆಲಸ ಮಾಡುತ್ತೇನೆ ಎಂದು ಮಾತ್ರ ಹೇಳಲೇಬೇಕು. ಲಿಂಕನ್ನು ಎಲ್ಲಿಂದ ಒತ್ತಿದರು ಎಂದು ತಿಳಿಯಲು ಅದರ ಕೊನೆಗೆ ಈ ಟ್ಯಾಗ್ ಇರುತ್ತದೆ:

```
?utm_source=whatsapp&utm_medium=status&utm_campaign=cnc_trainee
```

ಒಬ್ಬೊಬ್ಬರಿಗೆ ಬೇರೆ ಬೇರೆ ಟ್ಯಾಗ್ ಕೊಡಲಿಲ್ಲ. ಯಾರು ಎಷ್ಟು ಜನರನ್ನು ಕರೆತಂದರು ಅಂತ ಲೆಕ್ಕ ಇಡುತ್ತಾರೆ ಅನಿಸಿದರೆ ಮನಸ್ಸಿನಿಂದ ಯಾರೂ ಹಾಕುವುದಿಲ್ಲ, ಅಲ್ವಾ? ಇದನ್ನು ಅಪ್ರೈಸಲ್‌ಗೆ ಸೇರಿಸೋಣ ಎಂಬ ಮಾತಿಗೂ ಅದೇ ಕಾರಣಕ್ಕೆ ಒಪ್ಪಲಿಲ್ಲ.

ಐದನೇ ವಾರ ಎಡವಟ್ಟಾಯಿತು. ಒಬ್ಬ ಟ್ರೈನಿ ತಾನು ಮಾಡಿದ ಫ್ಲ್ಯಾಂಜ್‌ನ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ್ದ. ಹಿಂದೆ ಮೆಷಿನ್‌ಗೆ ಸಿಕ್ಕಿಸಿದ್ದ ಗ್ರಾಹಕರ ಡ್ರಾಯಿಂಗ್. ಜೂಮ್ ಮಾಡಿದರೆ ಡ್ರಾಯಿಂಗ್ ನಂಬರ್, ಅಳತೆ ಎಲ್ಲ ಓದಬಹುದು. ಅದನ್ನು ಹೊರಗೆ ತೋರಿಸುವುದಿಲ್ಲ ಎಂದು ನಾವು ಸಹಿ ಹಾಕಿದ್ದೇವೆ. ಅರ್ಧ ಗಂಟೆಯೊಳಗೆ ಸ್ಟೇಟಸ್ ತೆಗೆಸಿ ಗ್ರಾಹಕರಿಗೆ ನಾವೇ ತಿಳಿಸಿದೆವು. ತಪ್ಪು ಹುಡುಗನದಲ್ಲ. ನಾನು ಕೊಟ್ಟ ಎರಡು ಪುಟದ ಇಂಗ್ಲಿಷ್ ನಿಯಮದಲ್ಲಿ ಲೋಗೊ ಬಣ್ಣದ ಬಗ್ಗೆ ಇತ್ತು, ಡ್ರಾಯಿಂಗ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈಗ ಲಾಕರ್ ಕೋಣೆಯ ಪಕ್ಕ ಒಂದು ಮೇಜು, ಹಿಂದೆ ಬೂದು ಹಲಗೆ. ಫೋಟೊ ಅಲ್ಲೇ ತೆಗೆಯಬೇಕು, ಅದೂ ನಮ್ಮದೇ ವಿನ್ಯಾಸದ ವಾಲ್ವ್‌ನದು ಮಾತ್ರ. ಶಿಫ್ಟ್ ಇನ್‌ಚಾರ್ಜ್ ಫೋಟೊ ನೋಡುತ್ತಾರೆ, ಬರಹಕ್ಕೆ ಕೈ ಹಾಕುವುದಿಲ್ಲ. ಒಪ್ಪಿಗೆ ಅದೇ ಶಿಫ್ಟಿನಲ್ಲಿ ಸಿಗಬೇಕು. ಆಫೀಸಿಗೆ ಬಂದರೆ ಎರಡು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಅವರ ಉತ್ಸಾಹ ಇಳಿದಿರುತ್ತದೆ.

ಲಿಂಕ್ ಒತ್ತಿದವರೆಲ್ಲ ಅರ್ಜಿ ಹಾಕುವುದಿಲ್ಲ. ಹಾಗಾಗಿ ಅರ್ಜಿಯಲ್ಲೇ "ಯಾರಿಂದ ಗೊತ್ತಾಯಿತು?" ಎಂಬ ಸಾಲು ಸೇರಿಸಿದೆ. ಎರಡು ವಾರದಲ್ಲಿ 31 ಅರ್ಜಿ ಬಂದಿವೆ. 9ರಲ್ಲಿ ನಮ್ಮವರ ಹೆಸರಿದೆ, ಒಂದರಲ್ಲಿ ಲಿಂಕ್ಡ್‌ಇನ್. ಮೊದಲು ಈ ಪ್ರಶ್ನೆ ಇರಲಿಲ್ಲವಾದ್ದರಿಂದ, ಸ್ಟೇಟಸ್ ಇಲ್ಲದೆಯೂ ಇವರು ಬರುತ್ತಿದ್ದರೇನೋ ಎಂದು ಹೋಲಿಸಿ ನೋಡಲು ಆಗುವುದಿಲ್ಲ. ಆ 9 ಜನರನ್ನು ಸಂದರ್ಶನದಲ್ಲಿ ಕೇಳಬೇಕು: ಸ್ಟೇಟಸ್ ನೋಡಿಯೋ, ಮನೆಯಲ್ಲಿ ಮಾತಾಡುವಾಗಲೋ? ಸಂದರ್ಶನ ಸೋಮವಾರ.